ಒಂದು ಡಿಗ್ರಿಯ ಬೆಲೆ ಎಷ್ಟು?

ಬ್ಯಾಂಕ್ ಪರೀಕ್ಷೆಗಳಲ್ಲಿ ಬರುವ ಪೈ ಚಾರ್ಟ್ ಪ್ರಶ್ನೆಗಳಿಗೆ ಆಧಾರ ಒಂದೇ: ಇಡೀ ವೃತ್ತವೆಂದರೆ 360 ಡಿಗ್ರಿ, ಅದೇ ಶೇ. 100. ಹಾಗಾಗಿ ಶೇ. 1 ಎಂದರೆ 3.6 ಡಿಗ್ರಿ.

ಒಂದು ಮನೆಯ ತಿಂಗಳ ಖರ್ಚನ್ನು ನೋಡೋಣ. ಚಾರ್ಟಿನಲ್ಲಿ ದಿನಸಿಗೆ 120 ಡಿಗ್ರಿ, ಬಾಡಿಗೆಗೆ 90, ಶಾಲಾ ಶುಲ್ಕಕ್ಕೆ 72, ಇತರೆಗೆ 78 ಎಂದಿದೆ. ಕೂಡಿದರೆ 360 ಬರುತ್ತದೆ. ಯಾವ ಭಾಗವೂ ಬಿಟ್ಟುಹೋಗಿಲ್ಲ ಎಂದಾಯಿತು. ಒಟ್ಟು ಖರ್ಚು ಕೊಟ್ಟಿಲ್ಲ, ಶಾಲಾ ಶುಲ್ಕ 5,400 ರೂಪಾಯಿ ಎಂದಷ್ಟೇ ಹೇಳಿದೆ. 5,400ನ್ನು 72ರಿಂದ ಭಾಗಿಸಿ. ಒಂದು ಡಿಗ್ರಿಗೆ 75 ರೂಪಾಯಿ. ಇದು ಸಿಕ್ಕಿದರೆ ಉಳಿದದ್ದೆಲ್ಲ ಬರೀ ಗುಣಾಕಾರ: ಒಟ್ಟು ಖರ್ಚು 27,000, ದಿನಸಿ 9,000, ಬಾಡಿಗೆ 6,750.

ಹೆಚ್ಚಿನವರು ಎಡವುವುದು 72 ಡಿಗ್ರಿಯನ್ನು ಶೇ. 72 ಎಂದು ಓದಿದಾಗ. 72ನ್ನು 3.6ರಿಂದ ಭಾಗಿಸಿದರೆ ಬರುವುದು ಶೇ. 20 ಮಾತ್ರ. ಶೇ. 72 ಆಗಿದ್ದರೆ ಆ ಭಾಗ ಅರ್ಧ ವೃತ್ತವನ್ನೂ ಮೀರಬೇಕಿತ್ತು. ಚಿತ್ರವನ್ನು ನೋಡಿದರೇ ತಪ್ಪು ತಿಳಿಯುತ್ತದೆ.

ಬಾಡಿಗೆಗಿಂತ ದಿನಸಿ ಶೇಕಡಾ ಎಷ್ಟು ಹೆಚ್ಚು ಎಂದು ಕೇಳಿದರೆ ರೂಪಾಯಿ ಲೆಕ್ಕವೇ ಬೇಡ. ವ್ಯತ್ಯಾಸ 30 ಡಿಗ್ರಿ. ಹೋಲಿಕೆ ಬಾಡಿಗೆಯ ಜೊತೆ ಇರುವುದರಿಂದ ಅದನ್ನು 360ರಿಂದಲ್ಲ, 90ರಿಂದ ಭಾಗಿಸಬೇಕು. ಉತ್ತರ ಸುಮಾರು ಶೇ. 33.3.

ಲೆಕ್ಕಕ್ಕೆ ಇಳಿಯುವ ಮೊದಲು ಚಾರ್ಟಿನ ಅಂಕಿಗಳು ಡಿಗ್ರಿಯೋ ಶೇಕಡಾವೋ ಎಂದು ಖಚಿತಪಡಿಸಿಕೊಳ್ಳಿ.