ಡೊಮೈನ್ ಯಾರ ಹೆಸರಿನಲ್ಲಿದೆ?

ಸಣ್ಣ ಕ್ಲಿನಿಕ್ಕಿನ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವವರು ಬದಲಾದಾಗ, ಹಳಬರು ಬರೆದುಕೊಟ್ಟ ಹಸ್ತಾಂತರ ಪತ್ರದಲ್ಲಿ ನಾನು ಮೊದಲು ಹುಡುಕುವುದು ಡೊಮೈನ್ ಹೆಸರಿನ ಸಾಲು. ಆಂಟಿವೈರಸ್ ಅವಧಿ ಮುಗಿಯುತ್ತಿದ್ದರೆ ಪರದೆಯೇ ಎಚ್ಚರಿಸುತ್ತದೆ. ಡೊಮೈನ್ ಹಾಗಲ್ಲ, ನವೀಕರಣದ ನೆನಪೋಲೆ ಹೋಗುವುದು ನೋಂದಾಯಿಸುವಾಗ ಕೊಟ್ಟ ಇಮೇಲಿಗೆ. ಅದು ಕೆಲಸ ಬಿಟ್ಟವರ ಸ್ವಂತ ವಿಳಾಸವಾಗಿದ್ದರೆ ಕ್ಲಿನಿಕ್ಕಿನಲ್ಲಿ ಯಾರಿಗೂ ಸುಳಿವು ಸಿಗದು.

ಅವಧಿ ಮುಗಿದರೆ ವೆಬ್‌ಸೈಟಿನ ಜೊತೆ ಆ ಹೆಸರಿನ ಇಮೇಲೂ ನಿಲ್ಲುತ್ತದೆ, ಲ್ಯಾಬಿನ ವರದಿ ತಲುಪುವುದಿಲ್ಲ. .com ಹೆಸರನ್ನು ಅಳಿಸಿದ ಮೇಲೂ 30 ದಿನ ಹಳೆಯ ಮಾಲೀಕರು ಹೆಚ್ಚಿನ ಶುಲ್ಕ ತೆತ್ತು ಬಿಡಿಸಿಕೊಳ್ಳಬಹುದು. ಅದೂ ಕಳೆದು ಮತ್ತೆ 5 ದಿನವಾದರೆ ಯಾರು ಬೇಕಾದರೂ ಕೊಳ್ಳಬಹುದು. ಹಾಗೆ ಕೊಂಡವರು ಹಳೆಯ ವಿಳಾಸಕ್ಕೆ ಬರುವ ರೋಗಿಗಳ ಪತ್ರಗಳನ್ನೂ ಪಡೆಯಬಲ್ಲರು. ನನ್ನ ದೊಡ್ಡ ಭಯ ಅದೇ.

ಆದ್ದರಿಂದ ಪತ್ರದಲ್ಲಿ ತಾರೀಖೊಂದೇ ಸಾಲದು. ಖಾತೆ ಯಾವ ಸಂಸ್ಥೆಯಲ್ಲಿ, ಯಾರ ಹೆಸರಿನಲ್ಲಿದೆ, ಒಟಿಪಿ ಯಾವ ಮೊಬೈಲಿಗೆ ಬರುತ್ತದೆ ಎಂಬುದೂ ಇರಬೇಕು. ಸಂಪರ್ಕದ ಇಮೇಲ್ ಕ್ಲಿನಿಕ್ಕಿನದೇ ಆಗಿರಲಿ, ಆದರೆ ಅದೇ ಡೊಮೈನಿನದು ಬೇಡ. ಡೊಮೈನ್ ನಿಂತ ದಿನ ಅದೂ ನಿಲ್ಲುತ್ತದೆ. ಹಳಬರು ಎದುರಿಗಿರುವಾಗಲೇ ಹೊಸಬರು ಲಾಗಿನ್ ಆಗಿ ಮೊಬೈಲ್ ಸಂಖ್ಯೆ ಬದಲಿಸಿಕೊಳ್ಳಬೇಕು.