ಸಣ್ಣ ಊರಿನ ವಿಮಾನಕ್ಕೆ ಎಂಥ ಘೋಷವಾಕ್ಯ ಬೇಕು?

ಶಿವಮೊಗ್ಗದ ಹೊರವಲಯದ ಸೋಗಾನೆಯಲ್ಲಿರುವ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆಯಾಯಿತು. ಅದೇ ವರ್ಷ ಆಗಸ್ಟ್ 31ರಂದು ಬೆಂಗಳೂರಿನಿಂದ ಇಂಡಿಗೊದ ಎಟಿಆರ್ ವಿಮಾನ ಅಲ್ಲಿಗೆ ಬಂದಿಳಿದು, ಪ್ರಯಾಣಿಕರ ನಿತ್ಯ ಸಂಚಾರ ಶುರುವಾಯಿತು. ಎಟಿಆರ್ 72 ಎಂದರೆ ರೆಕ್ಕೆಗೆ ಫ್ಯಾನು ಕಟ್ಟಿದಂತೆ ಕಾಣುವ, 78 ಸೀಟಿನ ವಿಮಾನ. ದಿನಕ್ಕೊಮ್ಮೆ ಬಂದು ಹೋಗುವ ಇಷ್ಟು ಸೀಟುಗಳನ್ನು ವರ್ಷಪೂರ್ತಿ ತುಂಬಿಸುವುದು ಸುಲಭವಲ್ಲ. ಅದಕ್ಕೇ ಜಾಹೀರಾತು ಬೇಕು, ಜಾಹೀರಾತಿಗೆ ಒಂದು ಸಾಲು ಬೇಕು. ಇಂಥ ಮಾರ್ಗಗಳಿಗೆ ಯಾರೇ ಬರೆಯಲು ಕೂತರೂ ಮೂರು ಬಗೆಯ ಸಾಲು ತಾನಾಗಿ ಬರುತ್ತದೆ: ಟಿಕೆಟ್ ಅಗ್ಗ ಎನ್ನುವುದು, ಒಂದೇ ಗಂಟೆಯಲ್ಲಿ ತಲುಪುತ್ತೀರಿ ಎನ್ನುವುದು, ನಮ್ಮೂರಿಗೂ ವಿಮಾನ ಬಂತು ಎನ್ನುವುದು. ಈ ಮೂರೂ ಈ ಮಾರ್ಗಕ್ಕೆ ಸಲ್ಲುವುದಿಲ್ಲ. ವೇಳಾಪಟ್ಟಿಯನ್ನು ಎದುರಿಗಿಟ್ಟುಕೊಂಡು ಬರೆದ ಸಾಲು ಮಾತ್ರ ಸಲ್ಲುತ್ತದೆ ಎಂಬುದು ನನ್ನ ವಾದ.

ಮೊದಲು ದರದ ಮಾತು. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಹಾರಾಟ ಶುರುಮಾಡಿದಾಗ ಹುಬ್ಬಳ್ಳಿ–ಬೆಂಗಳೂರು ಅದರ ಆರಂಭದ ಮಾರ್ಗಗಳಲ್ಲೊಂದಾಗಿತ್ತು. ಮುಂದೆ ಒಂದು ರೂಪಾಯಿ ಟಿಕೆಟ್ಟಿನಿಂದ ಅದು ಮನೆಮಾತಾಯಿತು. ಆದರೆ ಆ ಬೆಲೆ ಕೆಲವೇ ಸೀಟುಗಳಿಗಿತ್ತು. ಕೇಂದ್ರದ ಉಡಾನ್ ಯೋಜನೆಯಲ್ಲೂ ಅಷ್ಟೇ: ಸುಮಾರು ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಎಂದು ಮಿತಿ ಹಾಕಿದಾಗ ಅದು ಅನ್ವಯಿಸಿದ್ದು ಸರಿಸುಮಾರು ಅರ್ಧದಷ್ಟು ಸೀಟುಗಳಿಗೆ; ಉಳಿದವುಗಳ ದರ ಬೇಡಿಕೆಯಂತೆ ಏರಿಳಿಯುತ್ತಿತ್ತು. ಯುಗಾದಿಗೋ ದೀಪಾವಳಿಗೋ ಊರಿಗೆ ಹೊರಟವರು ಟಿಕೆಟ್ ಹುಡುಕುವ ಹೊತ್ತಿಗೆ ಅಗ್ಗದ ಸೀಟು ಮುಗಿದಿರುತ್ತದೆ. ದೊಡ್ಡ ನಗರದಲ್ಲಿ ಇಂಥ ನಿರಾಸೆ ಜನಸಂದಣಿಯಲ್ಲಿ ಕರಗಿಹೋಗಬಹುದು. ಶಿವಮೊಗ್ಗದಂಥ ಊರಿನಲ್ಲಿ ಹಾಗಲ್ಲ. ಫಲಕದಲ್ಲಿ ಕಂಡ ದರ ಸಿಗಲಿಲ್ಲ ಎಂಬ ಮಾತು ವಾರದೊಳಗೆ ಗಾಂಧಿ ಬಜಾರಿನ ಅಂಗಡಿ ಅಂಗಡಿಗೂ ತಲುಪುತ್ತದೆ.

ಹೊಸತನದ ಹೆಮ್ಮೆಗೂ ಬಾಳಿಕೆ ಕಡಿಮೆ. ಉಡಾನ್ ಕುರಿತು 2023ರಲ್ಲಿ ಬಂದ ಮಹಾಲೇಖಪಾಲರ ವರದಿ ಹೇಳುವಂತೆ, ಹಂಚಿಕೆಯಾದ 774 ಮಾರ್ಗಗಳಲ್ಲಿ 403 ಶುರುವಾಗಲೇ ಇಲ್ಲ. ಶುರುವಾದ 371ರಲ್ಲಿ ಮೂರು ವರ್ಷದ ಅವಧಿ ಮುಗಿಸಿದ್ದು 112. ಬಂದ ವಿಮಾನ ನಿಂತುಹೋಗುವುದನ್ನು ಸಣ್ಣ ಊರುಗಳು ಕಣ್ಣಾರೆ ಕಂಡಿವೆ. ಅಲ್ಲಿನವರಿಗೆ ವಿಮಾನ ಬಂತು ಎಂದು ಹೇಳಬೇಕಾಗಿಲ್ಲ, ಅದು ಅವರಿಗೆ ಗೊತ್ತು. ಅದರಿಂದ ತಮ್ಮ ಯಾವ ಕೆಲಸ ಆಗುತ್ತದೆ ಎಂಬುದನ್ನು ಹೇಳಬೇಕು.

ಹೆಚ್ಚು ಗಮನ ಕೊಡಬೇಕಾದದ್ದು ಒಂದು ಗಂಟೆಯ ಸಾಲಿಗೆ. ಅದು ಸುಳ್ಳಲ್ಲ, ವಿಮಾನ ಆಕಾಶದಲ್ಲಿರುವುದು ಅಷ್ಟೇ ಹೊತ್ತು. ಆದರೆ ಪ್ರಯಾಣಿಕ ಲೆಕ್ಕ ಹಾಕುವುದು ಮನೆಬಾಗಿಲಿನಿಂದ. ಆರಂಭದ ವೇಳಾಪಟ್ಟಿಯನ್ನೇ ನೋಡೋಣ. ವಿಮಾನ ಬೆಂಗಳೂರಿನಿಂದ ಬೆಳಗ್ಗೆ ಹತ್ತರ ಆಸುಪಾಸಿಗೆ ಹೊರಟು, ಶಿವಮೊಗ್ಗದಿಂದ ಹನ್ನೊಂದೂವರೆ ಹೊತ್ತಿಗೆ ಮತ್ತೆ ಏರಿ, ಹನ್ನೆರಡೂವರೆಗೆ ದೇವನಹಳ್ಳಿಯಲ್ಲಿ ಇಳಿಯುತ್ತಿತ್ತು. ಚೆಕ್-ಇನ್ ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುವುದರಿಂದ ಮನೆಯನ್ನು ಒಂಬತ್ತೂಮುಕ್ಕಾಲಿಗಾದರೂ ಬಿಡಬೇಕು. ಇಳಿದು, ಬ್ಯಾಗು ತೆಗೆದುಕೊಂಡು, ವಾಯುವಜ್ರ ಬಸ್ಸನ್ನೋ ಟ್ಯಾಕ್ಸಿಯನ್ನೋ ಹಿಡಿದು ಮೆಜೆಸ್ಟಿಕ್ ಸೇರುವಾಗ ಎರಡು ಗಂಟೆ ದಾಟಿರುತ್ತದೆ. ಒಟ್ಟು ನಾಲ್ಕೂವರೆ ತಾಸು. ಜನಶತಾಬ್ದಿ ರೈಲು ಹೆಚ್ಚುಕಡಿಮೆ ಇಷ್ಟೇ ಹೊತ್ತಿನಲ್ಲಿ, ವಿಮಾನದ ಟಿಕೆಟ್ಟಿನ ಅತಿ ಸಣ್ಣ ಪಾಲಿಗೆ, ಬೆಂಗಳೂರಿನ ನಡುಮಧ್ಯಕ್ಕೆ ಮುಟ್ಟಿಸುತ್ತದೆ. ರಾತ್ರಿಯ ಸ್ಲೀಪರ್ ಬಸ್ಸಂತೂ ಹಗಲಿನ ಒಂದು ನಿಮಿಷವನ್ನೂ ತಿನ್ನುವುದಿಲ್ಲ. ದಿನಕ್ಕೆ ಒಂದೇ ಸರದಿಯಾದ್ದರಿಂದ ಅಂದೇ ಕೆಲಸ ಮುಗಿಸಿ ವಿಮಾನದಲ್ಲೇ ವಾಪಸಾಗುವ ದಾರಿಯೂ ಇರಲಿಲ್ಲ. ಹಾಗಾಗಿ ಬೆಂಗಳೂರಿನೊಳಗೆ ಕೆಲಸವಿದ್ದವನಿಗೆ ಒಂದು ಗಂಟೆಯ ಸಾಲು ತೋರಿಸಿದರೆ, ಅವನು ಒಮ್ಮೆ ಹತ್ತಿ ಲೆಕ್ಕ ಹಾಕಿ ಮತ್ತೆ ರೈಲಿಗೇ ಮರಳುತ್ತಾನೆ.

ಈಗ ಅದೇ ವೇಳಾಪಟ್ಟಿಯನ್ನು ದೆಹಲಿಗೆ ಹೊರಟವರ ಕಡೆಯಿಂದ ನೋಡಿ. ನಗರದಿಂದ ಮೂವತ್ತೈದು–ನಲವತ್ತು ಕಿಲೋಮೀಟರ್ ದೂರದ ದೇವನಹಳ್ಳಿ ಅವರಿಗೆ ತೊಡಕಲ್ಲ, ಅವರು ಸೇರಬೇಕಾದ ಜಾಗವೇ ಅದು. ವಿಮಾನವಿಲ್ಲದಿದ್ದರೆ ಅವರು ರಾತ್ರಿ ಬಸ್ಸಿನಲ್ಲೋ ನಸುಕಿನ ರೈಲಿನಲ್ಲೋ ಬೆಂಗಳೂರಿಗೆ ಬಂದು, ಪೆಟ್ಟಿಗೆಗಳನ್ನು ಇಳಿಸಿ ಏರಿಸಿ, ಊರಿಡೀ ದಾಟಿ ದೇವನಹಳ್ಳಿ ಸೇರಬೇಕು. ಶಿವಮೊಗ್ಗದಿಂದ ಒಂದೇ ಟಿಕೆಟ್, ಅಂದರೆ ಒಂದೇ ಪಿಎನ್‌ಆರ್‌ನಲ್ಲಿ ಹೊರಟರೆ ಬ್ಯಾಗನ್ನು ಸೋಗಾನೆಯಲ್ಲಿ ಕೊಟ್ಟು ದೆಹಲಿಯ ಬೆಲ್ಟಿನಲ್ಲಿ ಎತ್ತಿಕೊಳ್ಳಬಹುದು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನಕ್ಕೆ ಕೂರಿಸುವ ಹೊಣೆಯೂ ಕಂಪನಿಯದೇ. ಎರಡು ಟಿಕೆಟ್ ಬೇರೆ ಬೇರೆ ಕೊಂಡವರಿಗೆ ಈ ಎರಡೂ ಅನುಕೂಲ ಇಲ್ಲ. ಆದ್ದರಿಂದ ಈ ಮಾರ್ಗಕ್ಕೆ ನಾನು ಬರೆಯುವ ಸಾಲು ಇದು: ‘ಲಗೇಜು ಶಿವಮೊಗ್ಗದಲ್ಲಿ ಕೊಡಿ, ದೆಹಲಿಯಲ್ಲಿ ತಗೊಳ್ಳಿ.’ ಅದರಲ್ಲಿ ಬೆಂಗಳೂರಿನ ಹೆಸರೇ ಇಲ್ಲ. ಈ ಮಾರ್ಗದ ದೊಡ್ಡ ಊರು ಅದರ ಗಮ್ಯವಲ್ಲ, ಬದಲಿಸುವ ನಿಲ್ದಾಣ.

ಈ ಸಾಲಿಗೆ ಲಯವಿಲ್ಲ, ಘೋಷವಾಕ್ಯ ಕಿವಿಯಲ್ಲಿ ಉಳಿಯಬೇಕು ಎನ್ನುವವರಿದ್ದಾರೆ. ಏರ್ ಡೆಕ್ಕನ್ನಿನ ‘ಸಿಂಪ್ಲಿಫ್ಲೈ’ ಒಂದೇ ಪದದಲ್ಲಿ ಉಳಿಯಿತಲ್ಲ ಎಂದು ಅವರು ಕೇಳಬಹುದು. ಉಳಿಯಿತು, ನಿಜ. ಆದರೆ ಅದು ಇಡೀ ಕಂಪನಿಯ ಸಾಲು. ಹತ್ತಾರು ಊರಿಗೆ ಹಾರುವ ಸಂಸ್ಥೆ ತನ್ನ ಗುಣವನ್ನು ಹೇಳಿಕೊಳ್ಳಲು ಅಂಥ ಪದ ಸಾಕು. ಒಂದು ಊರಿನ ಬಸ್ ನಿಲ್ದಾಣದ ಎದುರು ನಿಲ್ಲುವ ಫಲಕ ಆ ಊರಿನವರ ಪ್ರಶ್ನೆಗೆ ಉತ್ತರ ಕೊಡಬೇಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯಿದೆ. ಶಿವಮೊಗ್ಗದಿಂದ ಹೊರಡುವವರಲ್ಲಿ ಬಹುಪಾಲು ಜನ ಹೋಗುವುದು ಬೆಂಗಳೂರಿಗೇ. ಅವರನ್ನು ಬಿಟ್ಟು ದೆಹಲಿಯವರ ಬೆನ್ನು ಹತ್ತುವುದೇಕೆ? ಆ ಬಹುಪಾಲಿಗೆ ರೈಲೂ ಬಸ್ಸೂ ಈಗಾಗಲೇ ಇವೆ, ಸಾಲು ಎಷ್ಟೇ ಚೆನ್ನಾಗಿದ್ದರೂ ಅವರ ಲೆಕ್ಕ ಬದಲಾಗುವುದಿಲ್ಲ. ಅವಸರವಿರುವವರು, ದುಡ್ಡು ಕೊಡಬಲ್ಲವರು ಸಾಲನ್ನು ಓದದೆಯೂ ಟಿಕೆಟ್ ಕೊಳ್ಳುತ್ತಾರೆ. ಜಾಹೀರಾತು ಒಲಿಸಬೇಕಾದದ್ದು ಇಂಥದೊಂದು ಸೌಲಭ್ಯವಿದೆಯೆಂದು ಗೊತ್ತಿಲ್ಲದೆ ರಾತ್ರಿ ಬಸ್ಸಿನಲ್ಲಿ ದೇವನಹಳ್ಳಿಗೆ ಹೊರಡುವವರನ್ನು. 78 ಸೀಟಿನ ವಿಮಾನದಲ್ಲಿ ಅಂಥ ಹತ್ತು–ಹದಿನೈದು ಮಂದಿ ಹೆಚ್ಚಾದರೂ ಮಾರ್ಗದ ಲೆಕ್ಕವೇ ಬದಲಾಗುತ್ತದೆ.

ವೇಳಾಪಟ್ಟಿ ಬದಲಾದರೆ ಈ ಸಾಲು ಕೆಡುವುದಿಲ್ಲವೇ? ಕೆಡಬಹುದು. ವಿಮಾನದ ಹೊತ್ತು ಸಂಜೆಗೆ ಜಾರಿದರೆ ದೆಹಲಿಯ ಜಾಗದಲ್ಲಿ ರಾತ್ರಿ ಹೊರಡುವ ವಿದೇಶಿ ವಿಮಾನಗಳ ಊರು ಬರಬೇಕಾದೀತು. ಬೆಳಗ್ಗೆ ಒಂದು, ಸಂಜೆ ಒಂದು ಸರದಿ ಬಂದರೆ ಅಂದೇ ಹೋಗಿ ಅಂದೇ ಬನ್ನಿ ಎಂದು ಧೈರ್ಯವಾಗಿ ಬರೆಯಬಹುದು. 2023ರ ನವೆಂಬರಿನಲ್ಲಿ ಸ್ಟಾರ್ ಏರ್ ಶಿವಮೊಗ್ಗದಿಂದ ತಿರುಪತಿ, ಹೈದರಾಬಾದ್, ಗೋವಾಗಳಿಗೆ ನೇರ ಹಾರಾಟ ಶುರುಮಾಡಿತು. ತಿರುಪತಿಯ ನೆಲದ ದಾರಿ ದೀರ್ಘವಾದ್ದರಿಂದ ಬೆಂಗಳೂರಿಗೆ ಸೋತ ಅದೇ ಗಂಟೆಯ ಲೆಕ್ಕ ಅಲ್ಲಿ ಗೆಲ್ಲುತ್ತದೆ. ಫಲಕ ಬದಲಿಸುವ ಖರ್ಚು ಒಂದು ದಿನ ಖಾಲಿ ಹಾರಿದ ಸೀಟುಗಳಷ್ಟೂ ಆಗದು.

ಇನ್ನು ಉಳಿದದ್ದು ಮಲೆನಾಡಿನ ಮಳೆ. ಮೋಡ ತಗ್ಗಿಗಿಳಿದು ರನ್‌ವೇ ಕಾಣದಿದ್ದರೆ ಪೈಲಟ್ ಇಳಿಸದೆ ಮರಳಬೇಕಾಗುತ್ತದೆ. ಬಂದ ವಿಮಾನವೇ ವಾಪಸು ಹೋಗಬೇಕಾದ್ದರಿಂದ ಅವತ್ತು ಶಿವಮೊಗ್ಗದಿಂದ ಹೊರಡುವವರೂ ಸಿಕ್ಕಿಬೀಳುತ್ತಾರೆ. ಸಾಲಿನ ಕೆಳಗೆ, ಓದಲು ಬರುವಷ್ಟು ದಪ್ಪ ಅಕ್ಷರದಲ್ಲಿ, ಇನ್ನೆರಡು ವಾಕ್ಯಗಳಿಗೆ ಜಾಗ ಬಿಡಬೇಕು: ವಿಮಾನ ರದ್ದಾದರೆ ಬೇರೆ ವಿಮಾನ ಅಥವಾ ಪೂರ್ತಿ ಹಣ ವಾಪಸು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಿದೇಶಕ್ಕೆ ಹೊರಡುವವರು ಒಂದು ದಿನ ಮೊದಲೇ ಹೊರಡುವುದು ಒಳ್ಳೆಯದು.