ಬೆಲ್ಲದ ಪುಡಿ ಮಾರಾಟಕ್ಕೆ ಹತ್ತು ದಿನ, ಹತ್ತು ಬರಹ: ಬಸರಾಳು ಆಲೆಮನೆಯ ಲೆಕ್ಕದಲ್ಲಿ

ಬಸರಾಳು, ಮಂಡ್ಯ, ಮದ್ದೂರು ಕಡೆಯ ಆಲೆಮನೆಯವರು ಈಗ ಅಚ್ಚು ಬೆಲ್ಲ, ಉಂಡೆ ಬೆಲ್ಲದ ಜೊತೆಗೆ ಬೆಲ್ಲದ ಪುಡಿಯನ್ನೂ ಪ್ಯಾಕೆಟ್ ಮಾಡಿ ನೇರವಾಗಿ ಗ್ರಾಹಕರಿಗೆ ಮಾರುತ್ತಿದ್ದಾರೆ. ಮಾರಾಟ ಶುರುವಾಗುವ ಮುಂಚೆ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಹತ್ತು ದಿನವೂ ‘ಶೀಘ್ರದಲ್ಲೇ ಬರಲಿದೆ’ ಅಂತ ಹಾಕಿದರೆ ಮೂರನೇ ದಿನಕ್ಕೇ ಜನ ನೋಡೋದು ಬಿಡ್ತಾರೆ. ನಾನು ಬರೆದುಕೊಡುವಾಗ ಒಂದೇ ಸೂತ್ರ ಇಟ್ಟುಕೊಳ್ಳುತ್ತೇನೆ. ದುಡ್ಡು ಕೊಡುವ ಮೊದಲು ಗ್ರಾಹಕರ ಮನಸ್ಸಿಗೆ ಬರುವ ಪ್ರಶ್ನೆಗಳಲ್ಲಿ ದಿನಕ್ಕೊಂದಕ್ಕೆ ಉತ್ತರ ಕೊಡಬೇಕು.

ಮೊದಲು ದಿನಾಂಕ ಮತ್ತು ಮಾಲಿನ ಲೆಕ್ಕ. ಸಂಕ್ರಾಂತಿ ಜನವರಿ 14-15ಕ್ಕೆ ಬರುತ್ತೆ. ಎಳ್ಳು-ಬೆಲ್ಲಕ್ಕೆ ಪ್ಯಾಕೆಟ್ ಬೆಂಗಳೂರಿನ ಮನೆ ಸೇರಬೇಕಾದರೆ ಮಾರಾಟ ಜನವರಿ 8ಕ್ಕಾದರೂ ಶುರುವಾಗಬೇಕು. ಹಾಗಾದರೆ ಮೊದಲ ಬರಹ ಡಿಸೆಂಬರ್ 29ಕ್ಕೆ, ಕೊನೆಯದು ಜನವರಿ 7ಕ್ಕೆ. ಎರಡು ಟನ್ ಕಬ್ಬು ಅರೆದರೆ ಸುಮಾರು 200 ಕೆ.ಜಿ. ಬೆಲ್ಲ ಸಿಗುತ್ತೆ. ಜರಡಿ ಹಿಡಿದಾಗ ಉಳಿಯುವ ಗಂಟು ಕಳೆದು 160 ಕೆ.ಜಿ. ಪುಡಿ ಅಂತ ಇಟ್ಟುಕೊಳ್ಳೋಣ. ನಮ್ಮ ಹತ್ತೂ ಬರಹ ಈ 160 ಪ್ಯಾಕೆಟ್ ಮಾರಲು ಮಾತ್ರ. ಈ ಪ್ಯಾಕೆಟ್ ಡಿಸೆಂಬರ್ 29ಕ್ಕೆ ಮೊದಲೇ ಕೈಯಲ್ಲಿರಬೇಕು. ಪುಡಿ ಸರಿಯಾಗಿ ಆರದೆ ಕಟ್ಟಿದರೆ ಒಳಗೇ ಗಂಟಾಗುತ್ತೆ. ಗಾಣ ಕೆಟ್ಟರೆ, ಕರೆಂಟ್ ಕೈಕೊಟ್ಟರೆ ಹೇಳಿದ ದಿನ ತಪ್ಪುತ್ತೆ. ಆಲೆಮನೆ ನಡೆಯುವಾಗಲೇ ಫೋಟೊ, ವಿಡಿಯೊ ತೆಗೆದಿಟ್ಟುಕೊಳ್ಳಿ.

ಹತ್ತು ದಿನದ ಬರಹ ಹೀಗಿರಲಿ.

10 ದಿನ, ಏನು ಬರ್ತಾ ಇದೆ? ‘ಜನವರಿ 8ಕ್ಕೆ ನಮ್ಮ ಆಲೆಮನೆಯ ಬೆಲ್ಲದ ಪುಡಿ. ಒಂದು ಕೆ.ಜಿ. ಪ್ಯಾಕೆಟ್, ಒಟ್ಟು 160 ಮಾತ್ರ.’

9 ದಿನ, ಎಲ್ಲಿಂದ? ‘ಮಂಡ್ಯ ತಾಲೂಕು ಬಸರಾಳು, ಹೊಯ್ಸಳರ ಮಲ್ಲಿಕಾರ್ಜುನ ದೇವಸ್ಥಾನದ ಊರು. ಕಬ್ಬು ನಮ್ಮದೇ ಗದ್ದೆಯದು, ಹನ್ನೆರಡು ತಿಂಗಳು ಬಲಿತದ್ದು.’ ಕೋ-62175 ಬೆಳೆದಿದ್ದರೆ ತಳಿಯ ಹೆಸರನ್ನೂ ಹಾಕಿ.

8 ದಿನ, ಏನು ಹಾಕಿದ್ದೀರಿ? ‘ಕಬ್ಬಿನ ಹಾಲಿಗೆ ಹಾಕಿದ್ದು ಎರಡೇ: ಸ್ವಲ್ಪ ಸುಣ್ಣ, ಮಡ್ಡಿ ತೆಗೆಯೋಕೆ ಬೆಂಡೆ ಗಿಡದ ಲೋಳೆ. ಸಕ್ಕರೆ ಇಲ್ಲ, ಹೈಡ್ರೋಸ್ ಇಲ್ಲ.’

7 ದಿನ, ಯಾಕೆ ಇಷ್ಟು ಕಂದು? ‘ಹೈಡ್ರೋಸ್ ಹಾಕಿದರೆ ಬೆಲ್ಲ ಬೆಳ್ಳಗೆ, ಹಳದಿಯಾಗಿ ಕಾಣುತ್ತೆ, ಇಟ್ಟಷ್ಟೂ ಮತ್ತೆ ಕಪ್ಪಾಗುತ್ತೆ. ನಮ್ಮದು ಕಾಯಿಸಿದಾಗ ಬಂದ ಬಣ್ಣ.’

6 ದಿನ, ಯಾರು ಮಾಡಿದ್ದು? ಪಾಕ ನೋಡುವವರ ವಿಡಿಯೊ ಹಾಕಿ. ‘ತಣ್ಣೀರಿಗೆ ಒಂದು ತೊಟ್ಟು ಪಾಕ ಬಿಟ್ಟು, ಕೈಯಲ್ಲಿ ಉಂಡೆ ಕಟ್ಟಿ ನೋಡ್ತಾರೆ. ಇವರು ಸೈ ಅನ್ನೋವರೆಗೂ ಕೊಪ್ಪರಿಗೆ ಇಳಿಸಲ್ಲ.’

5 ದಿನ, ಅಡುಗೆಗೆ ಹೇಗೆ? ‘ಪಾಯಸದ ಹಾಲು ಒಡೀತದೆ ಅಂತ ಭಯವೇ? ಒಲೆ ಆರಿಸಿ, ಸ್ವಲ್ಪ ಆರಿದ ಮೇಲೆ ಪುಡಿ ಹಾಕಿ.’

4 ದಿನ, ರೇಟ್ ಎಷ್ಟು? ‘ಕೆ.ಜಿ.ಗೆ 120 ರೂ. ಕೊರಿಯರ್ ಖರ್ಚು ಬೇರೆ. ಮಂಡ್ಯದಲ್ಲಿ ಬಂದು ತಗೊಂಡರೆ ಆ ಖರ್ಚಿಲ್ಲ.’ ಇಲ್ಲಿ ನಿಮ್ಮ ದರ ಹಾಕಿಕೊಳ್ಳಿ.

3 ದಿನ, ನಂಬೋದು ಹೇಗೆ? ಪ್ಯಾಕೆಟ್‌ನ ಹಿಂಬದಿಯ ಫೋಟೊ. ‘ತೂಕ, ಬೆಲೆ, ತಯಾರಿಸಿದ ತಿಂಗಳು, ನಮ್ಮ ವಿಳಾಸ, 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್. ಓದಿ ನೋಡಿ.’

2 ದಿನ, ಆರ್ಡರ್ ಹೇಗೆ? ‘ಹೆಸರು, ಊರು, ಪಿನ್‌ಕೋಡ್, ಎಷ್ಟು ಪ್ಯಾಕೆಟ್: ಇಷ್ಟು ಮೆಸೇಜ್ ಮಾಡಿ. 8ನೇ ತಾರೀಕು ಬೆಳಿಗ್ಗೆ 8ರಿಂದ ಬಂದ ಸಾಲಿನಲ್ಲೇ ಕಳಿಸ್ತೀವಿ.’

1 ದಿನ, ನಾಳೆ ಏನು? ‘ನಾಳೆ ಬೆಳಿಗ್ಗೆ 8ಕ್ಕೆ ಶುರು. 160 ಮುಗಿದ ಮೇಲೆ ಈ ಹಬ್ಬಕ್ಕೆ ಮತ್ತೆ ಇಲ್ಲ.’

ಈ ಸಾಲಿಗೆ ಒಂದು ಕಾರಣ ಇದೆ. ಎಂಟು ಮತ್ತು ಏಳನೇ ದಿನದ ಉತ್ತರ ಓದಿದವರಿಗೆ ನಾಲ್ಕನೇ ದಿನದ ದರ ಜಾಸ್ತಿ ಅನ್ನಿಸೋದು ಕಮ್ಮಿ. ಮೊದಲ ದಿನವೇ ದರ ಹಾಕಿದರೆ ಅಂಗಡಿಯ ಹಳದಿ ಬೆಲ್ಲದ ಜೊತೆ ಹೋಲಿಸಿ ಸುಮ್ಮನಾಗ್ತಾರೆ. ಆದರೆ ಯಾರಾದರೂ ಮೊದಲೇ ‘ರೇಟೇನಣ್ಣ?’ ಅಂತ ಕೇಳಿದರೆ ಮುಚ್ಚಿಡಬೇಡಿ, ಆಗಲೇ ಹೇಳಿಬಿಡಿ. ಅಂಥ ಪ್ರಶ್ನೆ ಸುಮಾರು ಜನರಿಂದ ಬಂದರೆ ದರದ ಬರಹವನ್ನು ಆರನೇ ದಿನಕ್ಕೆ ತಂದು, ಪಾಕದ ವಿಡಿಯೊವನ್ನು ನಾಲ್ಕಕ್ಕೆ ಕಳಿಸಿ.

ಎಂಟನೇ ದಿನದ ಬರಹದಲ್ಲಿ ಎಚ್ಚರ ಬೇಕು. ಸುಣ್ಣ ಹಾಕಿ ‘ಏನೂ ಹಾಕಿಲ್ಲ’ ಅಂತ ಬರೆದರೆ, ಆಲೆಮನೆ ನೋಡಲು ಬಂದ ಮೊದಲ ಗ್ರಾಹಕರೇ ಕೇಳ್ತಾರೆ. ಹುಳಿ ತಗ್ಗಿಸಲು ಸುಣ್ಣ ಹಾಕುವುದು ಹಳೇ ಪದ್ಧತಿ, ಇದ್ದದ್ದು ಇದ್ದ ಹಾಗೆ ಹೇಳಿದರೆ ನಂಬಿಕೆ ಉಳಿಯುತ್ತೆ. ‘ಸಾವಯವ’ ಅನ್ನೋ ಪದ ಪ್ರಮಾಣಪತ್ರ ಕೈಯಲ್ಲಿ ಇಲ್ಲದಿದ್ದರೆ ಬೇಡ. ‘ಸಕ್ಕರೆ ಕಾಯಿಲೆ ಇರೋರೂ ತಿನ್ನಬಹುದು’ ಅಂತ ಯಾವ ಕಾರಣಕ್ಕೂ ಬರೆಯಬೇಡಿ. ಬೆಲ್ಲದಲ್ಲೂ ಹೆಚ್ಚಿನ ಪಾಲು ಇರುವುದು ಅದೇ ಸಕ್ಕರೆ ಅಂಶ, ತಿಂದರೆ ರಕ್ತದಲ್ಲಿ ಸಕ್ಕರೆ ಏರುತ್ತೆ. ರೋಗ ವಾಸಿಯಾಗುತ್ತೆ ಅಂತ ಆಹಾರಕ್ಕೆ ಜಾಹೀರಾತು ಕೊಡುವುದು ಕಾನೂನಿಗೂ ವಿರುದ್ಧ.

ಇನ್ನು ತಲುಪಿಸುವ ಕೆಲಸ. ವಾಟ್ಸ್‌ಆ್ಯಪ್ ಸ್ಟೇಟಸ್ 24 ಗಂಟೆಯಲ್ಲಿ ಹೋಗಿಬಿಡುತ್ತೆ. ಬ್ರಾಡ್‌ಕಾಸ್ಟ್ ಮೆಸೇಜ್ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತೆ. ಅದಕ್ಕೇ ಡಿಸೆಂಬರ್ ಮೊದಲ ವಾರದಲ್ಲೇ ಹಳೇ ಗ್ರಾಹಕರಿಗೆ ಫೋನ್ ಮಾಡಿ, ‘ನಂಬರ್ ಸೇವ್ ಮಾಡ್ಕೊಳಿ’ ಅಂತ ಕೇಳಿ. ಬರಹ ಎರಡು-ಮೂರು ಸಾಲು ಮೀರಬಾರದು, ಮುಖ್ಯ ಮಾತು ಮೊದಲ ಸಾಲಿನಲ್ಲೇ ಇರಲಿ. ಉದ್ದವಾದರೆ ಉಳಿದದ್ದು ಮಡಚಿಕೊಂಡು ಕಾಣದೆ ಹೋಗುತ್ತೆ.

ಪ್ರತಿದಿನ ರಾತ್ರಿ ಎರಡು ಸಂಖ್ಯೆ ಪುಸ್ತಕದಲ್ಲಿ ಬರೆದಿಡಿ: ಎಷ್ಟು ಜನ ನೋಡಿದರು, ಎಷ್ಟು ಜನ ಮಾತಾಡಿಸಿದರು. ನೋಡಿದವರ ಸಂಖ್ಯೆ ದಿನೇ ದಿನೇ ಇಳಿದರೆ ನೆನ್ನೆಯ ಮಾತೇ ಇವತ್ತೂ ಬರ್ತಿದೆ ಅಂತ ಅರ್ಥ, ಫೋಟೊ ಬದಲಾದರೂ ವಿಷಯ ಬದಲಾಗಿರಲ್ಲ. ನೋಡಿದವರು ಇದ್ದೂ ಯಾರೂ ಏನೂ ಕೇಳದಿದ್ದರೆ ಬರಹದಲ್ಲಿ ಹೊಗಳಿಕೆ ಹೆಚ್ಚಾಗಿ ಮಾಹಿತಿ ಕಮ್ಮಿಯಾಗಿದೆ. ಒಂದೇ ಪ್ರಶ್ನೆ ಮೂರು ಜನ ಕೇಳಿದರೆ ಮಾರನೇ ದಿನದ ಬರಹ ಅದಕ್ಕೆ ಉತ್ತರವಾಗಲಿ.

ಒಂದು ಮಿತಿ ಗೊತ್ತಿರಲಿ. ‘ಚೆನ್ನಾಗಿದೆ’ ಅಂದವರೆಲ್ಲ ಕೊಳ್ಳಲ್ಲ, ಹಣ ಹಾಕಿದ ಆರ್ಡರ್ ಮಾತ್ರ ಲೆಕ್ಕಕ್ಕೆ ಹಿಡಿಯಿರಿ. 160 ತುಂಬಿದ ಕೂಡಲೇ ನಿಲ್ಲಿಸಿ. ಬೇಡಿಕೆ ಜಾಸ್ತಿ ಬಂತು ಅಂತ ಬೇರೆ ಆಲೆಮನೆಯ ಪುಡಿ ತಂದು ಇದೇ ಪ್ಯಾಕೆಟ್‌ಗೆ ತುಂಬಿದರೆ, ಒಂಬತ್ತನೇ ದಿನ ಬರೆದ ‘ನಮ್ಮದೇ ಗದ್ದೆಯದು’ ಅನ್ನೋ ಮಾತು ಸುಳ್ಳಾಗುತ್ತೆ. ಸಿಗದೆ ಹೋದವರ ಹೆಸರು, ನಂಬರ್ ಬರೆದಿಟ್ಟುಕೊಂಡು ಮುಂದಿನ ಕೊಪ್ಪರಿಗೆಯ ಪುಡಿ ಬಂದಾಗ ಅವರಿಗೇ ಮೊದಲು ಮೆಸೇಜ್ ಮಾಡಿ.